ಉತ್ತರ ತಾಳೆಯಾಗುತ್ತಿಲ್ಲವೇ? ಒಂದು ಅಂಕಣ ಜರುಗಿದೆಯಾ ನೋಡಿ

ಬಿ.ಕಾಂ ಮಕ್ಕಳಿಗೂ ಸಿಎ ಫೌಂಡೇಶನ್ ಓದುವವರಿಗೂ ನಾನು ಸಂಜೆ ಪಾಠ ಹೇಳುತ್ತೇನೆ. ಹಣದ ಕಾಲಮೌಲ್ಯದ ಪಾಠ ಶುರುವಾದ ಎರಡನೇ ವಾರದಲ್ಲಿ ಒಂದು ದೂರು ತಪ್ಪದೇ ಬರುತ್ತದೆ. "ಸರ್, ಫಾರ್ಮುಲಾ ಸರಿ ಇದೆ, ಕ್ಯಾಲ್ಕುಲೇಟರ್‌ನಲ್ಲಿ ಮೂರು ಸಲ ಮಾಡಿದೆ. ಆದ್ರೂ ಉತ್ತರ ಬರ್ತಿಲ್ಲ." ಮೂರು ಸಲ ಮಾಡಿದ್ದೇ ವ್ಯರ್ಥ. ಇಂಥ ಲೆಕ್ಕದಲ್ಲಿ ಗುಣಾಕಾರ ತಪ್ಪುವುದು ತೀರಾ ಕಡಿಮೆ. ಹಣ ಯಾವ ದಿನ ಬರುತ್ತದೆ, ಯಾವ ದಿನ ಹೋಗುತ್ತದೆ ಎಂದು ಗುರುತಿಸುವಾಗಲೇ ತಪ್ಪಿರುತ್ತದೆ. ಅದನ್ನು ಹಿಡಿಯುವ ದಾರಿಯನ್ನು ಒಂದು ಲೆಕ್ಕ ಇಟ್ಟುಕೊಂಡು ತೋರಿಸುತ್ತೇನೆ.

ಲೆಕ್ಕ ಹೀಗಿದೆ. ಒಬ್ಬ ತಂದೆ ಮಗಳ ಕಾಲೇಜಿಗೆ ಹಣ ಕೂಡಿಡುತ್ತಿದ್ದಾರೆ. ಇಂದಿನಿಂದ 6 ವರ್ಷಕ್ಕೆ ಮೊದಲ ಫೀಸು ಕಟ್ಟಬೇಕು, ₹1,00,000. ಅಲ್ಲಿಂದ ವರ್ಷಕ್ಕೊಂದರಂತೆ ಒಟ್ಟು 4 ಫೀಸು. ತಂದೆ ಈ ವರ್ಷದ ಕೊನೆಯಿಂದ ಶುರುಮಾಡಿ, ಪ್ರತಿ ವರ್ಷದ ಕೊನೆಗೆ ಒಂದೇ ಮೊತ್ತದ 5 ಕಂತು ಕಟ್ಟುತ್ತಾರೆ. ಬಡ್ಡಿ ವರ್ಷಕ್ಕೆ 8%, ವರ್ಷಕ್ಕೊಮ್ಮೆ ಚಕ್ರಬಡ್ಡಿ. ಪ್ರತಿ ಕಂತು ಎಷ್ಟಿರಬೇಕು?

ಒಬ್ಬ ಹುಡುಗಿ ನೋಟ್‌ಬುಕ್ ತಂದು ತೋರಿಸಿದಳು. ಅವಳ ಉತ್ತರ ₹52,275. ಪುಸ್ತಕದ ಹಿಂದಿನ ಉತ್ತರ ₹56,457.

ಮೊದಲು ಭಾಗಿಸಿ ನೋಡಿ

ಉತ್ತರ ತಪ್ಪಿದಾಗ ಎಲ್ಲರೂ ಕಳೆದು ನೋಡುತ್ತಾರೆ. 56,457 ರಲ್ಲಿ 52,275 ಕಳೆದರೆ 4,182. ಈ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಕಳೆಯುವ ಬದಲು ಭಾಗಿಸಿ. 56,457 ÷ 52,275 = 1.0800.

ಬಡ್ಡಿ ಎಷ್ಟು? 8%. ಅಂದರೆ ಒಂದು ವರ್ಷಕ್ಕೆ ಹಣ 1.08 ಪಟ್ಟು ಆಗುತ್ತದೆ. ಎರಡು ಉತ್ತರಗಳ ನಡುವೆ ಸರಿಯಾಗಿ ಒಂದು ವರ್ಷದ ಬಡ್ಡಿಯಷ್ಟೇ ಅಂತರ. ಫಾರ್ಮುಲಾ ಕೆಟ್ಟಿಲ್ಲ, ಕ್ಯಾಲ್ಕುಲೇಟರ್ ಕೆಟ್ಟಿಲ್ಲ, ಎಲ್ಲೋ ಒಂದು ಸಾಲು ಹಣ ಒಂದು ವರ್ಷ ಆಚೀಚೆ ಸರಿದಿದೆ. ಇದೇ ಭಾಗಲಬ್ಧ 1.1664 ಬಂದಿದ್ದರೆ, ಅದು 1.08 ರ ವರ್ಗ, ಎರಡು ವರ್ಷ ಸರಿದಿದೆ ಎಂದರ್ಥ. 1.08 ರ ಯಾವ ಘಾತಕ್ಕೂ ಹೊಂದದ ಸಂಖ್ಯೆ ಬಂದರೆ ರೋಗ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಪರೀಕ್ಷೆಯಲ್ಲಿ ಪುಸ್ತಕದ ಉತ್ತರ ಇರುವುದಿಲ್ಲ ಅಲ್ವಾ ಎಂದು ಕೇಳಬಹುದು. ನಿಜ. ಬಹು ಆಯ್ಕೆ ಪ್ರಶ್ನೆಯಾದರೆ ನಾಲ್ಕು ಆಯ್ಕೆ ಇರುತ್ತವೆ. ಅವುಗಳಲ್ಲಿ ಎರಡರ ನಡುವೆ 1.08 ರ ಅಂತರ ಕಂಡರೆ, ಪ್ರಶ್ನೆ ಮಾಡಿದವರು ಈ ಬೋನನ್ನು ಬೇಕಂತಲೇ ಇಟ್ಟಿರುವ ಸಾಧ್ಯತೆ ಜಾಸ್ತಿ.

ಕಂಬ ಮತ್ತು ಅಂಕಣ

ಈಗ ಟೈಮ್‌ಲೈನ್ ಎಳೆಯೋಣ. ಹಳೇ ಕಾಲದ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಒಂದು ಸಾಲಿನಲ್ಲಿ ಐದು ಅಂಕಣ ಬೇಕೆಂದರೆ ಆರು ಕಂಬ ನಿಲ್ಲಿಸಬೇಕು. ನಮ್ಮ ಗೆರೆಯೂ ಹಾಗೇ. ಕಂಬ ಎಂದರೆ ಒಂದು ದಿನ, ಒಂದು ಕ್ಷಣ. ಹಣ ಕೈ ಬದಲಾಯಿಸುವುದು ಕಂಬದ ಬಳಿ ಮಾತ್ರ. ಅಂಕಣ ಎಂದರೆ ಒಂದು ಅವಧಿ. ಬಡ್ಡಿ ಬೆಳೆಯುವುದು ಅಂಕಣದೊಳಗೆ. ಇವತ್ತು ಎನ್ನುವುದು 0 ನೇ ಕಂಬ.

ಮಕ್ಕಳು ಗೆರೆ ಎಳೆದು "1ನೇ ವರ್ಷ, 2ನೇ ವರ್ಷ" ಎಂದು ಅಂಕಣದೊಳಗೆ ಬರೆದುಬಿಡುತ್ತಾರೆ. ಆಮೇಲೆ ಹಣವನ್ನೂ ಅಲ್ಲೇ, ನಡುವೆ ಎಲ್ಲೋ ಬರೆಯುತ್ತಾರೆ. ಹಾಗೆ ಬರೆದ ಹಣ ವರ್ಷದ ಮೊದಲಿನದೋ ಕೊನೆಯದೋ ಯಾರಿಗೆ ಗೊತ್ತು? ಸಂಖ್ಯೆ ಬೀಳಬೇಕಾದ್ದು ಕಂಬದ ಮೇಲೆ.

ಪ್ರಶ್ನೆಯ ಮಾತುಗಳನ್ನು ಕಂಬದ ಸಂಖ್ಯೆಗೆ ಬದಲಿಸುವುದೇ ಅರ್ಧ ಕೆಲಸ. "3ನೇ ವರ್ಷದ ಕೊನೆ" ಎಂದರೆ 3 ನೇ ಕಂಬ. "4ನೇ ವರ್ಷದ ಆರಂಭ" ಎಂದರೂ ಅದೇ 3 ನೇ ಕಂಬ, ಮಾರ್ಚ್ 31 ರ ರಾತ್ರಿ ಮುಗಿದರೆ ಏಪ್ರಿಲ್ 1 ಬಂದ ಹಾಗೆ. "ಇಂದಿನಿಂದ 6 ವರ್ಷಕ್ಕೆ" ಎಂದರೆ 6 ನೇ ಕಂಬ. "6ನೇ ವರ್ಷದ ಆರಂಭದಲ್ಲಿ" ಎಂದಿದ್ದರೆ 5 ನೇ ಕಂಬ ಆಗುತ್ತಿತ್ತು. ಈ ಎರಡು ಮಾತನ್ನು ಒಂದೇ ಎಂದು ಓದಿದರೆ ಅಲ್ಲಿಗೇ ಒಂದು ಅಂಕಣ ಹೋಯಿತು.

ನಮ್ಮ ಲೆಕ್ಕದ ಗೆರೆ ಇದು. ಮೇಲಿನ ಸಾಲಿನ A ತಂದೆ ಕಟ್ಟುವ ಕಂತು, ಕೆಳಗಿನ ಸಾಲಿನ F ಫೀಸು.

```
0     1     2     3     4     5     6     7     8     9
|-----|-----|-----|-----|-----|-----|-----|-----|-----|
      A     A     A     A     A
                                    F     F     F     F
```

ಹುಡುಗಿಯ ನೋಟ್‌ಬುಕ್ಕಿನಲ್ಲೂ ಇದೇ ಗೆರೆ ಇತ್ತು, ಚೂರೂ ತಪ್ಪಿರಲಿಲ್ಲ. ಹಾಗಾದರೆ ಅಂಕಣ ಜರುಗಿದ್ದು ಎಲ್ಲಿ?

ಫಾರ್ಮುಲಾ ಕೊಡುವ ಉತ್ತರ ಯಾವ ಕಂಬದ್ದು?

ಪಠ್ಯಪುಸ್ತಕಗಳಲ್ಲಿ ಫಾರ್ಮುಲಾಗಳ ದೊಡ್ಡ ಪಟ್ಟಿಯೇ ಇರುತ್ತದೆ. ಆರ್ಡಿನರಿ ಆನ್ಯುಯಿಟಿ, ಆನ್ಯುಯಿಟಿ ಡ್ಯೂ, ಡಿಫರ್ಡ್ ಆನ್ಯುಯಿಟಿ, ಪ್ರತಿಯೊಂದಕ್ಕೂ ಬೇರೆ ಬೇರೆ. ನಾನು ಅಷ್ಟನ್ನೂ ಬಾಯಿಪಾಠ ಮಾಡಿಸುವುದಿಲ್ಲ. ಬೇಕಾಗಿರುವುದು ಎರಡೇ ಕೆಲಸ. ಒಂದು, ಒಂಟಿ ಮೊತ್ತವನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವುದು. ಬಲಕ್ಕೆ ಹೋದರೆ ಅಂಕಣಕ್ಕೊಮ್ಮೆ 1.08 ರಿಂದ ಗುಣಿಸಿ, ಎಡಕ್ಕೆ ಬಂದರೆ ಭಾಗಿಸಿ. ಎರಡು, ಸಮ ಅಂತರದ ಸಮ ಕಂತುಗಳ ಸಾಲನ್ನು ಒಂದೇ ಮೊತ್ತವಾಗಿ ಮಡಚುವುದು. ಮಡಚಲು ಎರಡು ಫಾರ್ಮುಲಾ, PV ಹಿಂದಕ್ಕೆ ಮಡಚಲು, FV ಮುಂದಕ್ಕೆ ಮಡಚಲು. ಇವುಗಳಲ್ಲಿ A ಎಂದರೆ ಒಂದು ಕಂತು, i ಎಂದರೆ ಒಂದು ಅಂಕಣದ ಬಡ್ಡಿ ದರ, n ಎಂದರೆ ಕಂತುಗಳ ಸಂಖ್ಯೆ:

```
PV = A × [1 − (1+i)^(−n)] / i
FV = A × [(1+i)^n − 1] / i
```

ಮಡಚಿದ ಮೇಲೆ ಆ ಮೊತ್ತ ಯಾವ ಕಂಬದ ಬಳಿ ಬಿದ್ದಿದೆ? ಇಷ್ಟು ಗೊತ್ತಿದ್ದರೆ ಒಂದು ವರ್ಷದ ತಪ್ಪುಗಳಲ್ಲಿ ಹೆಚ್ಚಿನವು ಆಗುವುದೇ ಇಲ್ಲ.

PV ಫಾರ್ಮುಲಾ ತೆಗೆದುಕೊಳ್ಳಿ. n = 4, i = 8% ಹಾಕಿದರೆ 3.312 ಬರುತ್ತದೆ. ಅದು ನಾಲ್ಕು ಸಂಖ್ಯೆಗಳ ಮೊತ್ತ: 0.9259, 0.8573, 0.7938, 0.7350. ಮೊದಲನೆಯದನ್ನು ನೋಡಿ. 0.9259 ಎಂದರೆ 1 ÷ 1.08. ಅಂದರೆ ಮೊದಲ ಕಂತನ್ನೂ ಫಾರ್ಮುಲಾ ಆಗಲೇ ಒಂದು ಅಂಕಣ ಹಿಂದಕ್ಕೆ ಎಳೆದಿದೆ. ಹಾಗಾಗಿ ಉತ್ತರ ಬೀಳುವುದು ಮೊದಲ ಕಂತಿನ ಕಂಬದಲ್ಲಲ್ಲ, ಅದಕ್ಕಿಂತ ಒಂದು ಕಂಬ ಹಿಂದೆ.

FV ಫಾರ್ಮುಲಾ ಹಾಗಲ್ಲ. n = 5 ಹಾಕಿದರೆ 5.8666 ಬರುತ್ತದೆ. ಬಿಡಿಸಿದರೆ 1.3605, 1.2597, 1.1664, 1.08, ಕೊನೆಗೆ 1. ಕೊನೆಯ ಕಂತಿಗೆ ಬಡ್ಡಿಯೇ ಇಲ್ಲ, ಈಗಷ್ಟೇ ಕಟ್ಟಿದ ಹಾಗೆ. ಆದ್ದರಿಂದ ಈ ಉತ್ತರ ಬೀಳುವುದು ಕೊನೆಯ ಕಂತಿನ ಕಂಬದಲ್ಲೇ.

PV ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಪ್ರೆಸೆಂಟ್ ವ್ಯಾಲ್ಯೂ ಎಂದ ಮೇಲೆ ಇವತ್ತಿನದೇ ಇರಬೇಕು ಎಂದುಕೊಳ್ಳುತ್ತೇವೆ. ಮೊದಲ ಕಂತು 1 ನೇ ಕಂಬದಲ್ಲಿದ್ದರೆ ಅದು ಇವತ್ತಿನದೇ. ಮೊದಲ ಕಂತು 6 ನೇ ಕಂಬದಲ್ಲಿದ್ದರೆ, ಹೆಸರು ಏನೇ ಇರಲಿ, ಅದು 5 ನೇ ಕಂಬದ ಮೌಲ್ಯ.

ಹುಡುಗಿ ತಪ್ಪಿದ ಜಾಗ

ಅವಳು ನಾಲ್ಕು ಫೀಸುಗಳನ್ನು PV ಫಾರ್ಮುಲಾದಿಂದ ಮಡಚಿದ್ದಳು. 1,00,000 × 3.312127 = ₹3,31,213. ಸರಿ ಇದೆ. ಆದರೆ ಈ ಮೊತ್ತವನ್ನು 6 ನೇ ಕಂಬದ ಕೆಳಗೆ ಬರೆದಿದ್ದಳು. ಮೊದಲ ಫೀಸು ಅಲ್ಲೇ ಇದೆಯಲ್ಲ! ಕಂತುಗಳು 5 ನೇ ಕಂಬಕ್ಕೆ ಮುಗಿಯುವುದರಿಂದ ಅದನ್ನು ಇನ್ನೊಂದು ಅಂಕಣ ಹಿಂದಕ್ಕೆ ತರಬೇಕೆಂದು 1.08 ರಿಂದ ಭಾಗಿಸಿ ₹3,06,678 ಮಾಡಿಕೊಂಡಳು. ಅದನ್ನು 5.8666 ರಿಂದ ಭಾಗಿಸಿದಾಗ ₹52,275 ಬಂತು.

ಸರಿಯಾದ ಲೆಕ್ಕ ಇನ್ನೂ ಚಿಕ್ಕದು. ₹3,31,213 ಆಗಲೇ 5 ನೇ ಕಂಬದಲ್ಲಿದೆ. ಐದು ಕಂತುಗಳ FV ಕೂಡ 5 ನೇ ಕಂಬದಲ್ಲೇ ಬೀಳುತ್ತದೆ. ಎರಡೂ ಒಂದೇ ಕಂಬದಲ್ಲಿರುವುದರಿಂದ ಸಾಗಿಸುವ ಕೆಲಸವೇ ಇಲ್ಲ. A = 3,31,213 ÷ 5.866601 = ₹56,457.

ಇದನ್ನು ತಪ್ಪಿಸಲು ನಾನು ಒಂದು ಸಣ್ಣ ಅಭ್ಯಾಸ ಮಾಡಿಸುತ್ತೇನೆ. ಮಡಚಿದ ಪ್ರತಿ ಮೊತ್ತದ ಪಕ್ಕದಲ್ಲಿ @ ಹಾಕಿ ಕಂಬದ ಸಂಖ್ಯೆ ಬರೆಯಬೇಕು: `3,31,213 @5`. ಎರಡು ಮೊತ್ತ ಕೂಡಿಸುವ ಮೊದಲು, ಕಳೆಯುವ ಮೊದಲು, ಸಮ ಮಾಡುವ ಮೊದಲು @ ಸಂಖ್ಯೆ ಒಂದೇ ಇದೆಯಾ ನೋಡಬೇಕು. ಇಲ್ಲದಿದ್ದರೆ ಒಂದನ್ನು ಇನ್ನೊಂದರ ಕಂಬಕ್ಕೆ ಸಾಗಿಸಬೇಕು. ಪರೀಕ್ಷೆಯಲ್ಲಿ ಇದಕ್ಕೆ ಹಿಡಿಯುವುದು ಎರಡು ಸೆಕೆಂಡು.

ಪಾಸ್‌ಬುಕ್ ಬರೆದು ನೋಡಿ

ಪುಸ್ತಕದ ಹಿಂದಿನ ಉತ್ತರವೇ ಅಚ್ಚಿನ ತಪ್ಪಾಗಿರಬಹುದು. ಹಾಗಾಗಿ ಅದನ್ನು ನಂಬದೆಯೂ ಪರೀಕ್ಷಿಸುವ ದಾರಿ ಬೇಕು. ತಂದೆಯ ಖಾತೆಯ ಪಾಸ್‌ಬುಕ್ಕನ್ನು ನೀವೇ ಬರೆಯಿರಿ. ಪ್ರತಿ ಅಂಕಣಕ್ಕೆ 1.08 ರಿಂದ ಗುಣಿಸಿ, ಕಂಬ ಬಂದಾಗ ಫೀಸು ಕಳೆಯಿರಿ.

5 ನೇ ಕಂಬದಲ್ಲಿ ಖಾತೆಯಲ್ಲಿರುವುದು ₹3,31,213. ವರ್ಷ ಕಳೆದು 6 ನೇ ಕಂಬಕ್ಕೆ ಬಂದಾಗ ₹3,57,710. ಫೀಸು ಕಟ್ಟಿದರೆ ಉಳಿಯುವುದು ₹2,57,710. 7 ನೇ ಕಂಬದಲ್ಲಿ ಅದು ₹2,78,326 ಆಗಿ, ಫೀಸಿನ ನಂತರ ₹1,78,326. 8 ನೇ ಕಂಬದಲ್ಲಿ ₹1,92,593, ಫೀಸಿನ ನಂತರ ₹92,593. 9 ನೇ ಕಂಬಕ್ಕೆ ಬಂದಾಗ ₹1,00,000. ಕೊನೆಯ ಫೀಸು ಕಟ್ಟಿದರೆ ಖಾತೆ ಸೊನ್ನೆ.

ಈಗ ಹುಡುಗಿಯ ₹3,06,678 ಇಟ್ಟುಕೊಂಡು ಇದೇ ಕೆಲಸ ಮಾಡಿ. 6 ನೇ ಕಂಬದಲ್ಲಿ ಫೀಸು ಕಟ್ಟಿದ ಮೇಲೆ ₹2,31,213, ಆಮೇಲೆ ₹1,49,710, ಆಮೇಲೆ ₹61,686. 9 ನೇ ಕಂಬಕ್ಕೆ ಅದು ₹66,621 ಆಗುತ್ತದೆ. ಕೊನೆಯ ವರ್ಷದ ಫೀಸಿಗೆ ₹33,379 ಸಾಲದು. ಹಾಳೆಯ ಮೇಲೆ ಕಂತಿಗೆ ನಾಲ್ಕು ಸಾವಿರದ ವ್ಯತ್ಯಾಸವಾಗಿ ಕಂಡಿದ್ದು, ಮಗಳ ಕೊನೆಯ ವರ್ಷದಲ್ಲಿ ಸಾಲ ಮಾಡುವ ಹಾಗೆ ಮಾಡುತ್ತದೆ.

ಭಾಗಲಬ್ಧ ಬಡ್ಡಿಗೆ ಹೊಂದದಿದ್ದರೆ

ಭಾಗಿಸಿದಾಗ 1.08, 1.1664, 1.2597, 1.3605 ಯಾವುದೂ ಬರಲಿಲ್ಲ ಎಂದುಕೊಳ್ಳಿ. ಆಗ ಮೊದಲ ಅನುಮಾನ ಕಂತುಗಳ ಎಣಿಕೆಯ ಮೇಲೆ. "6ನೇ ಕಂಬದಿಂದ 9ನೇ ಕಂಬದವರೆಗೆ" ಎಂದಾಗ 9 ರಲ್ಲಿ 6 ಕಳೆದು 3 ಎನ್ನುವುದು ಬಹಳ ಜನ ಮಾಡುವ ತಪ್ಪು. 3 ಎನ್ನುವುದು ಅಂಕಣಗಳ ಸಂಖ್ಯೆ. ಫೀಸು ಕಟ್ಟುವುದು ಕಂಬದ ಬಳಿ, ಕಂಬ 4. ಕಳೆದು ಒಂದು ಕೂಡಿಸಬೇಕು.

ಇಲ್ಲಿ n = 3 ಹಾಕಿದ್ದರೆ ಗುಣಕ 2.5771 ಬರುತ್ತಿತ್ತು. 3.3121 ÷ 2.5771 = 1.2852. ಇದು 1.2597 ಕ್ಕೆ ಹತ್ತಿರ ಇದೆ ಎಂದು ಮೂರು ವರ್ಷ ಜರುಗಿದೆ ಎಂದುಕೊಳ್ಳಬೇಡಿ. ಅವಧಿ ಜರುಗಿದ ತಪ್ಪಾದರೆ ಮೂರನೇ ದಶಮಾಂಶದವರೆಗಾದರೂ ಹೊಂದಬೇಕು. ಟೇಬಲ್ ನೋಡಿ ಮಾಡಿದ ಲೆಕ್ಕದಲ್ಲಿ ಅದರಾಚೆ ಸ್ವಲ್ಪ ಸಡಿಲ ಇರುತ್ತದೆ, ಅಷ್ಟೇ. ಅನುಮಾನ ಬಂದರೆ ಸುಮ್ನೆ ಗೆರೆಯ ಮೇಲೆ ಬೆರಳಿಟ್ಟು F ಗಳನ್ನು ಎಣಿಸಿ. ಸಣ್ಣ ಮಕ್ಕಳ ಹಾಗೆ ಕಾಣಬಹುದು, ಆದರೆ ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಎಣಿಕೆ ಸರಿ ಇದ್ದರೆ, ಎರಡನೇ ಅನುಮಾನ ಬಡ್ಡಿಯ ಅವಧಿಯ ಮೇಲೆ. ಅಂಕಣದ ಅಗಲ ಒಂದು ತಿಂಗಳಾದರೆ ಬಡ್ಡಿಯೂ ತಿಂಗಳದ್ದೇ ಇರಬೇಕು. ₹2,00,000 ಸಾಲ, ವರ್ಷಕ್ಕೆ 12%, ತಿಂಗಳಿಗೊಮ್ಮೆ ಚಕ್ರಬಡ್ಡಿ, 24 ತಿಂಗಳ ಇಎಂಐ ಎಂದುಕೊಳ್ಳಿ. ತಿಂಗಳಿಗೆ 1%, n = 24. ಗುಣಕ 21.2434, ಇಎಂಐ ₹9,415. ಯಾರಾದರೂ i = 12%, n = 24 ಹಾಕಿದರೆ ತಿಂಗಳಿಗೆ ಸುಮಾರು ₹25,693 ಬರುತ್ತದೆ. ಎರಡು ಲಕ್ಷದ ಸಾಲಕ್ಕೆ ಎರಡು ವರ್ಷದಲ್ಲಿ ಆರು ಲಕ್ಷ ಕಟ್ಟಿದ ಹಾಗೆ. ಇದು ನೋಡಿದ ಕೂಡಲೇ ಗೊತ್ತಾಗುತ್ತದೆ, ಅಪಾಯ ಇಲ್ಲ.

ಅಪಾಯ ಇರುವುದು ಇನ್ನೊಂದರಲ್ಲಿ. i = 12%, n = 2 ಹಾಕಿ ವರ್ಷದ ಕಂತು ₹1,18,340 ತೆಗೆದು, ಅದನ್ನು 12 ರಿಂದ ಭಾಗಿಸಿ ₹9,862 ಎನ್ನುವವರಿದ್ದಾರೆ. ನೋಡಲು ಸರಿಯಾಗೇ ಇದೆ, ಅಲ್ವಾ? ಆದರೆ ಅದು ಹನ್ನೆರಡು ತಿಂಗಳ ಹಣವೂ ವರ್ಷದ ಕೊನೆಯ ಕಂಬದಲ್ಲಿ ಒಟ್ಟಿಗೆ ಬರುತ್ತದೆ ಎಂದು ಎಣಿಸಿದ ಉತ್ತರ. ತಿಂಗಳು ತಿಂಗಳು ಕಟ್ಟುವವನ ಸಾಲ ಬೇಗ ಕರಗುತ್ತದೆ, ಅವನ ಕಂತು ಕಡಿಮೆಯೇ ಇರಬೇಕು. ಗೆರೆಯ ಮೇಲೆ 24 ಕಂಬ ಹಾಕುವುದು ಕಷ್ಟ ನಿಜ. 1, 2, ಆಮೇಲೆ ಚುಕ್ಕೆ ಚುಕ್ಕೆ, ಕೊನೆಗೆ 24 ಎಂದು ಬರೆದರೂ ಸಾಕು, ಈ ತಪ್ಪು ಆಗುವುದಿಲ್ಲ.

ಕಂತು ತಿಂಗಳಿಗೆ, ಚಕ್ರಬಡ್ಡಿ ಮೂರು ತಿಂಗಳಿಗೊಮ್ಮೆ ಇರುವ ಲೆಕ್ಕಗಳೂ ಇವೆ. ನಮ್ಮ ಅಂಚೆ ಕಚೇರಿಯ ಆರ್‌ಡಿ ಹೀಗೇ. ಅಲ್ಲಿ ವರ್ಷದ ಬಡ್ಡಿಯನ್ನು 12 ರಿಂದ ಭಾಗಿಸಿದರೆ ಸ್ವಲ್ಪ ಹೆಚ್ಚಾಗುತ್ತದೆ. 8% ಎಂದಾದರೆ ಮೂರು ತಿಂಗಳಿಗೆ 1.02 ಪಟ್ಟು. ಅದರ ಘನಮೂಲ ತೆಗೆದರೆ ತಿಂಗಳಿಗೆ 0.6623% ಬರುತ್ತದೆ, 0.6667% ಅಲ್ಲ.

"ಇವತ್ತಿನಿಂದಲೇ" ಎಂದಿದ್ದರೆ

ಮತ್ತೆ ತಂದೆಯ ಲೆಕ್ಕಕ್ಕೆ ಬರೋಣ. ಪ್ರಶ್ನೆಯಲ್ಲಿ ಒಂದೇ ಒಂದು ಮಾತು ಬದಲಾಗಲಿ. ತಂದೆ ಮೊದಲ ಕಂತನ್ನು ಇವತ್ತೇ ಕಟ್ಟುತ್ತಾರೆ, ಒಟ್ಟು 5 ಕಂತು. ಈಗ A ಗಳು 0 ಯಿಂದ 4 ನೇ ಕಂಬದವರೆಗೆ ನಿಲ್ಲುತ್ತವೆ. FV ಬೀಳುವುದು ಕೊನೆಯ ಕಂತಿನ ಕಂಬದಲ್ಲಿ, ಅಂದರೆ @4. ಫೀಸುಗಳ ಮೊತ್ತ @5. ಹಾಗಾಗಿ ಕಂತುಗಳ ಮೊತ್ತವನ್ನು ಒಂದು ಅಂಕಣ ಮುಂದಕ್ಕೆ ಸಾಗಿಸಬೇಕು. 5.8666 × 1.08 = 6.3359. ಕಂತು = 3,31,213 ÷ 6.3359 = ₹52,275. ಆನ್ಯುಯಿಟಿ ಡ್ಯೂ ಎಂದು ಬೇರೆ ಫಾರ್ಮುಲಾ ಕಲಿಯಬೇಕಾಗಿಲ್ಲ. ಆ ಫಾರ್ಮುಲಾದಲ್ಲಿ ಹೆಚ್ಚಿಗೆ ಇರುವ (1+i) ಎನ್ನುವುದು ಇದೇ ಒಂದು ಅಂಕಣದ ಸಾಗಾಟ.

ಎಕ್ಸೆಲ್‌ನಲ್ಲಿ ಇದೇ ಕೆಲಸವನ್ನು ಕೊನೆಯ ಆರ್ಗ್ಯುಮೆಂಟ್ ಮಾಡುತ್ತದೆ. ಬಿಟ್ಟರೆ ಅಥವಾ 0 ಹಾಕಿದರೆ ಕಂತು ಅವಧಿಯ ಕೊನೆಗೆ, 1 ಹಾಕಿದರೆ ಆರಂಭಕ್ಕೆ.

```
=PV(8%,4,-100000)
=PMT(8%,5,0,-331212.68)
=PMT(8%,5,0,-331212.68,1)
```

ಮೊದಲನೆಯದು 3,31,212.68 ಕೊಡುತ್ತದೆ, ಎರಡನೆಯದು 56,457, ಮೂರನೆಯದು 52,275. ಮೈನಸ್ ಗುರುತು ಹಣ ಹೋಗುವ ದಿಕ್ಕನ್ನು ಹೇಳುತ್ತದೆ. ಅದನ್ನು ಬಿಟ್ಟರೆ ಉತ್ತರ ಋಣವಾಗಿ ಬರುತ್ತದೆ, ಬೇರೆ ಏನೂ ಕೆಡುವುದಿಲ್ಲ.

₹52,275 ಎನ್ನುವುದನ್ನು ಗಮನಿಸಿದಿರಾ? ಹುಡುಗಿಯ ತಪ್ಪು ಉತ್ತರವೂ ಇಷ್ಟೇ ಇತ್ತು. ಫೀಸಿನ ಸಾಲನ್ನು ತಪ್ಪು ಕಂಬಕ್ಕೆ ಹಾಕಿದರೂ 1.08, ಕಂತಿನ ಸಾಲನ್ನು ಒಂದು ವರ್ಷ ಮೊದಲೇ ಶುರುಮಾಡಿದರೂ 1.08. ಭಾಗಿಸಿ ನೋಡಿದರೆ ಎಷ್ಟು ಅಂಕಣ ಜರುಗಿದೆ ಎಂದು ತಿಳಿಯುತ್ತದೆ, ಯಾವ ಸಾಲು ಜರುಗಿದೆ ಎಂದು ತಿಳಿಯುವುದಿಲ್ಲ. ಅದಕ್ಕೆ @ ಸಂಖ್ಯೆಗಳನ್ನು ಒಂದೊಂದಾಗಿ ನೋಡಲೇಬೇಕು.

ಮುಂದಿನ ವಾರ ಅದೇ ಬ್ಯಾಚಿನ ಹುಡುಗನೊಬ್ಬ ಇದೇ ಲೆಕ್ಕಕ್ಕೆ ₹56,457 ತಂದ. ಸರಿ ಉತ್ತರ. ಗೆರೆ ತೋರಿಸು ಎಂದೆ. ಕಂತುಗಳನ್ನು 0 ಯಿಂದ ಶುರುಮಾಡಿದ್ದ, ಅಲ್ಲಿ 1.08 ರಷ್ಟು ಕಡಿಮೆಯಾಗಿತ್ತು. ಫೀಸುಗಳಿಗೆ ಆನ್ಯುಯಿಟಿ ಡ್ಯೂ ಫಾರ್ಮುಲಾ ಹಾಕಿ ಬಂದ ₹3,57,710 ನ್ನು 6 ರ ಬದಲು 5 ನೇ ಕಂಬದಲ್ಲಿ ಇಟ್ಟಿದ್ದ, ಅಲ್ಲಿ 1.08 ರಷ್ಟು ಜಾಸ್ತಿಯಾಗಿತ್ತು. ಎರಡು ತಪ್ಪು ಒಂದನ್ನೊಂದು ನುಂಗಿಕೊಂಡಿದ್ದವು. ಕಂತುಗಳನ್ನು 1 ನೇ ಕಂಬಕ್ಕೆ ಸರಿಸು ಎಂದೆ. ಸರಿಸಿದ. ಉತ್ತರ ₹60,974 ಕ್ಕೆ ಹಾರಿತು. "ಸರ್, ಸರಿ ಇದ್ದದ್ದನ್ನೇ ಕೆಡಿಸಿಬಿಟ್ರಿ" ಎಂದ.